ಜಾಹೀರಾತು ಚಿಕ್ಕದಾಗ್ಲಿ, ಕೆಲಸ ಮಾಯ ಆಗ್ಬಾರ್ದು

ಕಳೆದ ಬೇಸಿಗೆ ರಜೆಯಲ್ಲಿ ನಾನು ಒಂದು ಜಾಹೀರಾತು ಬರೆದೆ. ನೋಡೋಕೆ ಚೆನ್ನಾಗಿತ್ತು, ಹೆಚ್ಚುಕಮ್ಮಿ ಮೂವತ್ತೇ ಪದ, ಮೂವತ್ತನಾಲ್ಕು ಜನ ಫೋನ್ ಮಾಡಿದ್ರು. ಅದನ್ನ ನಂಬಿ ಒಬ್ಬರು ಇದ್ದ ಕೆಲಸ ಬಿಟ್ಟು ಬಂದ್ರು. ಒಂಬತ್ತನೇ ದಿನ ಹೊರಟೂ ಹೋದ್ರು. ಆ ತಪ್ಪು ನಂದು. ಅದಕ್ಕೇ ಈ ಲೇಖನ.

ನಮ್ಮ ಮಾಮಾ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಒಂದು ಸಣ್ಣ ಮಷಿನ್ ಶಾಪ್ ನಡೆಸ್ತಾರೆ. ಹದಿನಾಲ್ಕು ಜನ ಕೆಲಸ ಮಾಡ್ತಾರೆ. ದೊಡ್ಡ ಕಂಪನಿಗಳಿಂದ ವಾಲ್ವ್ ಬಾಡಿಗಳ ಕಾಸ್ಟಿಂಗ್ ಬರತ್ತೆ, ಇವರು ಸಿಎನ್‌ಸಿ ಟರ್ನಿಂಗ್ ಮಷಿನ್‌ನಲ್ಲಿ ಅಳತೆಗೆ ತಂದು ಕಳಿಸ್ತಾರೆ. ಒಬ್ಬ ಆಪರೇಟರ್ ಬಿಟ್ಟು ಹೋಗಿದ್ರು, ಹೊಸಬರು ಬೇಕಿತ್ತು. ಮಾಮಾ ನನ್ನ ಕೈಗೆ ನಾಲ್ಕು ಪುಟದ ಒಂದು ಕಾಗದ ಕೊಟ್ಟು, "ಇಷ್ಟುದ್ದ ಯಾರ್ ಓದ್ತಾರೋ? ನೀ ಇಂಜಿನಿಯರಿಂಗ್ ಓದಾಂವ ಅಲ್ಲೇನು, ಸಣ್ಣದ್ ಮಾಡಿ ಕೊಡು" ಅಂದ್ರು.

ಅದು ಆಪರೇಟರ್ ಹುದ್ದೆಯ ಜಾಬ್ ಡಿಸ್ಕ್ರಿಪ್ಶನ್. ಒಟ್ಟು ಇಪ್ಪತ್ಮೂರು ಕೆಲಸಗಳ ಪಟ್ಟಿ. ನಾನು ಅದನ್ನ ಐದು ನಿಮಿಷ ನೋಡಿ, ಬೋರ್ ಹೊಡೆಸೋದೆಲ್ಲ ತೆಗೆದು ಹಾಕಿ, ಹೀಗೆ ಮಾಡಿದೆ:

"ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ! ವೇಗವಾಗಿ ಬೆಳೆಯುತ್ತಿರುವ ಕಂಪನಿಯಲ್ಲಿ ಉಜ್ವಲ ಭವಿಷ್ಯ. ಆಧುನಿಕ ಮಷಿನ್‌ಗಳ ಮೇಲೆ ಕೆಲಸ ಮಾಡುವ ಅವಕಾಶ. ಉತ್ಸಾಹಿ, ಶ್ರಮಜೀವಿ, ತಂಡದೊಂದಿಗೆ ಬೆರೆಯುವ ಯುವಕ ಯುವತಿಯರಿಗೆ ಆದ್ಯತೆ. ಐಟಿಐ, ಡಿಪ್ಲೊಮಾ ಆದವರು ಸಂಪರ್ಕಿಸಿ. ಆಕರ್ಷಕ ಸಂಬಳ, ಸ್ನೇಹಪೂರ್ಣ ವಾತಾವರಣ."

ಬಂದ ಅಣ್ಣ ಡಿಪ್ಲೊಮಾ ಮಾಡಿದ್ರು. ಊರಲ್ಲಿ ಇನ್ನೊಂದು ಕಡೆ ಕೆಲಸದಲ್ಲಿದ್ರು. ಸಿಎನ್‌ಸಿ, ಆಧುನಿಕ ಮಷಿನ್ ಅಂತ ಓದಿ ಇಲ್ಲಿ ಪ್ರೋಗ್ರಾಮಿಂಗ್ ಕಲಿಯೋಕೆ ಸಿಗತ್ತೆ ಅಂದುಕೊಂಡ್ರು. ಇಂಟರ್ವ್ಯೂ ಹತ್ತು ನಿಮಿಷ ನಡೀತು, ಸಂಬಳದ ಮಾತಾಯ್ತು, ಮುಗೀತು. ಬಂದು ನೋಡಿದ್ರೆ ಪ್ರೋಗ್ರಾಂ ಬರೆಯೋದು, ಜಾಬ್ ಸೆಟ್ ಮಾಡೋದು ಎಲ್ಲ ಸೆಟ್ಟರ್ ಕೆಲಸ. ಇವರ ಪಾಲಿಗೆ ಎಂಟು ಗಂಟೆ ಎರಡು ಮಷಿನ್ ನಡುವೆ ನಿಂತು ಹನ್ನೆರಡು ಕೆಜಿ ಜಾಬ್ ಎತ್ತಿ ಹಾಕೋದು, ಅಳೆಯೋದು, ಕೊನೆಗೆ ಟ್ರೇ ತುಂಬ ಬಿದ್ದ ಚಿಪ್ಸ್ ತೆಗೆದು ಮಷಿನ್ ಒರೆಸೋದು. ಅದೂ ವಾರ ಬಿಟ್ಟು ವಾರ ರಾತ್ರಿ ಹತ್ತರ ತನಕ. ಹೋಗುವಾಗ ಅವರು ಜಗಳ ಮಾಡ್ಲಿಲ್ಲ. "ಸರ, ಕೆಲಸ ಕೆಟ್ಟದ್ದಂತ ಅಲ್ಲ. ಇದನ್ನ ಮೊದ್ಲ ಬರದಿದ್ರ ನಾ ಬರ್ತಿರಲಿಲ್ಲ, ಅಷ್ಟ" ಅಂದ್ರು. ಹಳೇ ಜಾಗದಲ್ಲಿ ಅಷ್ಟರಲ್ಲಿ ಬೇರೆಯವರನ್ನ ತಗೊಂಡಿದ್ರು.

ನಾನು ನನ್ನ ಮೂವತ್ತು ಪದಗಳನ್ನ ಮತ್ತೆ ಓದಿದೆ. ಅದರಲ್ಲಿ ಒಂದೇ ಒಂದು ಕೆಲಸದ ಹೆಸರೂ ಇರಲಿಲ್ಲ. ನಾಲ್ಕು ಪುಟದಿಂದ ನಾನು ತೆಗೆದದ್ದು ಕೆಲಸಗಳನ್ನ. ಉಳಿಸಿದ್ದು, ಸೇರಿಸಿದ್ದು ಬರೀ ವಿಶೇಷಣಗಳನ್ನ. ಉಲ್ಟಾ ಮಾಡಿದ್ದೆ.

ನನ್ನ ಅಭಿಪ್ರಾಯ ಇಷ್ಟೇ: ಜಾಹೀರಾತು ಚಿಕ್ಕದಾಗಬೇಕಾದ್ರೆ ಕತ್ತರಿ ಮೊದಲು ಹೊಗಳಿಕೆಗೆ ಬೀಳಬೇಕು, ಕೆಲಸಕ್ಕೆ ಕೊನೆಗೆ. ಕೆಲಸದ ಪಟ್ಟಿಯೊಳಗೂ ಕಣ್ಣು ಮುಚ್ಚಿ ಕತ್ತರಿಸೋ ಹಾಗಿಲ್ಲ, ಅದಕ್ಕೊಂದು ಲೆಕ್ಕ ಇದೆ. ಎರಡನೇ ಸಲ ಮಾಮಾ ಜೊತೆ ಕೂತು ಆ ಲೆಕ್ಕ ಮಾಡಿದ್ವಿ. ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲು, ಆ ನಾಲ್ಕು ಪುಟ ಯಾಕೆ ಅಷ್ಟುದ್ದ ಇತ್ತು? ಅದನ್ನ ಬರೆದದ್ದು ಕೆಲಸ ಹುಡುಕೋರಿಗಲ್ಲ. ಮಾಮಾ ಐಎಸ್‌ಓ 9001 ಸರ್ಟಿಫಿಕೇಟ್ ತಗೊಳ್ಳುವಾಗ ಆಡಿಟರ್‌ಗೆ ತೋರಿಸೋಕೆ ಅಂತ ಒಬ್ಬ ಕನ್ಸಲ್ಟೆಂಟ್ ಕೈಲಿ ಬರೆಸಿದ್ದು. ಆಡಿಟರ್‌ಗೆ ಒಂದೂ ಬಿಟ್ಟುಹೋಗಿರಬಾರದು, ಹಾಗಾಗಿ ಎಲ್ಲ ಇರತ್ತೆ. ಜಾಹೀರಾತು ಓದೋರು ಬೇರೆ. ಅವರು ಮೊಬೈಲ್‌ನಲ್ಲಿ ಅರ್ಧ ನಿಮಿಷ ನೋಡಿ, ಫೋನ್ ಮಾಡ್ಲೋ ಬೇಡ್ವೋ ಅಂತ ತೀರ್ಮಾನ ಮಾಡ್ತಾರೆ. ಹಾಗಾಗಿ ಜೆಡಿ ಸಾಯಬೇಕಿಲ್ಲ, ಅದು ಫೈಲ್‌ನಲ್ಲಿ ಪೂರ್ತಿ ಇರಲಿ. ಆ ಅರ್ಧ ನಿಮಿಷದ ತೀರ್ಮಾನಕ್ಕೆ ಬೇಕಾದ ಸಾಲುಗಳು ಮಾತ್ರ ಅದರಿಂದ ಹೊರಗೆ ಬರಬೇಕು.

ಇಪ್ಪತ್ಮೂರು ಸಾಲನ್ನ ಪ್ರಿಂಟ್ ತೆಗೆದು ಪೆನ್ ಹಿಡ್ಕೊಂಡು ಕೂತ್ವಿ. ಮೊದಲನೇ ಸುತ್ತಿನಲ್ಲಿ ನಮ್ಮ ಪ್ರಶ್ನೆ ಒಂದೇ: ಈ ಸಾಲು ಶಾಪ್‌ನಲ್ಲಿರೋ ಹದಿನಾಲ್ಕೂ ಜನಕ್ಕೆ ಅನ್ವಯಿಸತ್ತಾ? ಸುರಕ್ಷತಾ ನಿಯಮ ಪಾಲಿಸೋದು, ಜಾಗ ಅಚ್ಚುಕಟ್ಟಾಗಿ ಇಡೋದು, ಗ್ರಾಹಕರ ಡ್ರಾಯಿಂಗ್ ಹೊರಗೆ ಕೊಡದೇ ಇರೋದು, ಮೇಲಿನವರ ಮಾತು ಕೇಳೋದು, ಟ್ರೈನಿಂಗ್‌ಗೆ ಹಾಜರಾಗೋದು, ಸುಧಾರಣೆಗೆ ಸಲಹೆ ಕೊಡೋದು, ತೊಂದರೆ ಆದ್ರೆ ತಿಳಿಸೋದು, ಕೊನೆಗೆ ಎಲ್ಲ ಜೆಡಿಯಲ್ಲೂ ಇರೋ "ವಹಿಸಿದ ಇತರ ಕೆಲಸಗಳು". ಇವೆಲ್ಲ ಮುಖ್ಯ ಇರಬಹುದು, ಆದ್ರೆ ಈ ಹುದ್ದೆಯನ್ನ ಬೇರೆ ಹುದ್ದೆಯಿಂದ ಬೇರೆ ಮಾಡಿ ತೋರಿಸಲ್ಲ. ಎಂಟು ಸಾಲು ಹೋಯ್ತು. ಹದಿನೈದು ಉಳೀತು.

ಎರಡನೇ ಸುತ್ತಿನಲ್ಲಿ ಕತ್ತರಿಸೋದಲ್ಲ, ಸೇರಿಸೋದು. ಜೆಡಿ ಬರೆಯೋರು ಒಂದೇ ಕೆಲಸದ ಹೆಜ್ಜೆಗಳನ್ನ ಬೇರೆ ಬೇರೆ ಸಾಲು ಮಾಡಿರ್ತಾರೆ. ಜಾಬ್ ಎತ್ತೋದು, ಚಕ್‌ನಲ್ಲಿ ಹಿಡಿಸೋದು, ಸೈಕಲ್ ಸ್ಟಾರ್ಟ್ ಮಾಡೋದು, ಇಳಿಸೋದು ಅಂತ ನಾಲ್ಕು ಸಾಲು ಇತ್ತು. ಆಪರೇಟರ್ ಅದನ್ನ ನಾಲ್ಕು ಕೆಲಸ ಅಂತ ನೋಡಲ್ಲ, "ಮಷಿನ್ ನಡೆಸೋದು" ಅಂತಾರೆ. ಹಾಗೇ ಅಳೆಯೋದು, ಬರೆದಿಡೋದು, ಅಳತೆ ತಪ್ಪಿದ ಪೀಸ್ ಬೇರೆ ಇಡೋದು, ಆಫ್‌ಸೆಟ್ ತಿದ್ದೋದು ಇವೂ ಒಂದೇ ಗುಂಪು. ಚಿಪ್ಸ್, ಕೂಲಂಟ್, ಎಣ್ಣೆ, ಒರೆಸೋದು ಇನ್ನೊಂದು ಗುಂಪು. ಹದಿನೈದು ಸಾಲು ಹೀಗೆ ಆರಾಯ್ತು, ಒಂದೂ ಕೆಲಸ ಕಳೀಲಿಲ್ಲ: ಮಷಿನ್ ನಡೆಸೋದು, ಅಳೆದು ತಿದ್ದೋದು, ಇನ್ಸರ್ಟ್ ಬದಲಿಸೋದು, ಚಿಪ್ಸ್ ಮತ್ತು ಕೂಲಂಟ್, ಬರ್ ತೆಗೆದು ಟ್ರೇಗೆ ಹಾಕೋದು, ಸೆಟ್ಟರ್‌ಗೆ ಕೈ ಜೋಡಿಸೋದು.

ಮೂರನೇ ಸುತ್ತು ಕಷ್ಟದ್ದು. ಈ ಆರರಲ್ಲಿ ಯಾವುದು ಇರಲೇಬೇಕು? ನಾನು ಮೊದಲು, ಯಾವುದಕ್ಕೆ ಜಾಸ್ತಿ ಹೊತ್ತು ಹೋಗತ್ತೋ ಅದೇ ಮುಖ್ಯ ಅಂದೆ. ಅದು ಅರ್ಧ ಸತ್ಯ. ವಿಮಾನದ ಪೈಲಟ್ ಹಾರಾಟದಲ್ಲಿ ಲ್ಯಾಂಡಿಂಗ್‌ಗೆ ಕೊಡೋದು ಕೆಲವೇ ನಿಮಿಷ. ಆದ್ರೆ "ಲ್ಯಾಂಡಿಂಗ್ ಬಿಟ್ಟು ಉಳಿದದ್ದು ಮಾಡ್ತೀನಿ" ಅನ್ನೋ ಪೈಲಟ್ ಯಾರಿಗೆ ಬೇಕು?

ಈ ಪ್ರಶ್ನೆಯನ್ನ ತುಂಬ ಕೂಲಂಕಷವಾಗಿ ಯೋಚಿಸಿರೋದು ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಮತ್ತು ಅದರ ನಿಯಮಗಳು. ಒಂದು ಹುದ್ದೆಯ ಅಗತ್ಯ ಕೆಲಸಗಳನ್ನ ಮಾಡಬಲ್ಲವರನ್ನ, ಸಣ್ಣಪುಟ್ಟ ಕೆಲಸ ಮಾಡೋಕಾಗಲ್ಲ ಅಂತ ಹೊರಗಿಡೋ ಹಾಗಿಲ್ಲ ಅನ್ನೋದು ಅಲ್ಲಿಯ ತತ್ವ. ಹಾಗಾಗಿ ಯಾವುದು ಅಗತ್ಯ ಅಂತ ಗುರುತಿಸೋ ದಾರಿ ಬೇಕಾಯ್ತು. ಅದರಲ್ಲಿ ಎರಡು ಅಳತೆಗೋಲು ನಮ್ಮ ಮಷಿನ್ ಶಾಪ್‌ಗೂ ಸರಿಯಾಗಿ ಕೂರತ್ತೆ. ಒಂದು, ಈ ಹುದ್ದೆ ಇರೋದೇ ಆ ಕೆಲಸಕ್ಕಾಗಿಯಾ? ಇನ್ನೊಂದು, ಆ ಕೆಲಸವನ್ನ ಹಂಚಿಕೊಳ್ಳೋಕೆ ಅಲ್ಲಿ ಬೇರೆ ಜನ ಇದ್ದಾರಾ? ಅದೇ ಕಾಯ್ದೆ ಇನ್ನೊಂದು ಮಾತು ಹೇಳತ್ತೆ: ಜಾಹೀರಾತು ಕೊಡೋ ಮುಂಚೆ ಬರೆದಿಟ್ಟ ಜೆಡಿಯನ್ನ, ಯಾವುದು ಅಗತ್ಯ ಕೆಲಸ ಅನ್ನೋದಕ್ಕೆ ಸಾಕ್ಷಿಯಾಗಿ ಪರಿಗಣಿಸಬೇಕು. ಅಂದ್ರೆ ಮೊದಲು ಪಟ್ಟಿ, ಆಮೇಲೆ ಜಾಹೀರಾತು. ಜನ ಬಂದ ಮೇಲೆ ಪಟ್ಟಿ ಬದಲಾಯಿಸೋ ಆಟ ನಡೆಯಲ್ಲ.

ನಮ್ಮಲ್ಲೂ ಇದರ ಒಂದು ರೂಪ ಇದೆ. ಯುಪಿಎಸ್‌ಸಿ ಥರದ ಸರ್ಕಾರಿ ನೇಮಕಾತಿ ಪ್ರಕಟಣೆಗಳಲ್ಲಿ ಹುದ್ದೆಯ ಎದುರಿಗೆ `S`, `ST`, `W`, `BN`, `L` ಅಂತ ಅಕ್ಷರಗಳು ಕಾಣಿಸತ್ತೆ. ಕೂರೋದು, ನಿಲ್ಲೋದು, ನಡೆಯೋದು, ಬಗ್ಗೋದು, ಎತ್ತೋದು ಇವುಗಳಲ್ಲಿ ಆ ಹುದ್ದೆಗೆ ಯಾವುದು ಬೇಕು ಅಂತ ಅದರ ಅರ್ಥ. ನಾನು ಮೊದಲು ಅದನ್ನ ಸರ್ಕಾರಿ ಒಗಟು ಅಂದುಕೊಂಡಿದ್ದೆ. ಈಗ ನೋಡಿದ್ರೆ ಐದು ಸಂಕೇತದಲ್ಲಿ ಅದು ಹೇಳಿದಷ್ಟನ್ನ ನನ್ನ ಮೂವತ್ತು ಪದ ಹೇಳಿರಲಿಲ್ಲ.

ಚಿಪ್ಸ್ ವಿಷಯಕ್ಕೆ ಬರೋಣ. ಎಂಟು ಗಂಟೆಯ ಶಿಫ್ಟ್‌ನಲ್ಲಿ ಚಿಪ್ಸ್ ತೆಗೆದು ಒರೆಸೋಕೆ ಹೆಚ್ಚಂದ್ರೆ ಮುಕ್ಕಾಲು ಗಂಟೆ. ಹೊತ್ತಿನ ಲೆಕ್ಕದಲ್ಲಿ ಹತ್ತನೇ ಒಂದು ಭಾಗವೂ ಇಲ್ಲ. ದೊಡ್ಡ ಕಾರ್ಖಾನೆಯಲ್ಲಾದ್ರೆ ಚಿಪ್ ಕನ್ವೇಯರ್ ಇರತ್ತೆ, ಹೆಲ್ಪರ್ ಇರ್ತಾರೆ, ಆಪರೇಟರ್ ಜಾಹೀರಾತಿನಲ್ಲಿ ಅದನ್ನ ಬಿಡಬಹುದು. ಮಾಮಾ ಶಾಪ್‌ನಲ್ಲಿ ಹೆಲ್ಪರ್ ಇಲ್ಲ. ಆಪರೇಟರ್ ತೆಗೀದಿದ್ರೆ ಯಾರೂ ತೆಗೆಯಲ್ಲ, ಮುಂದಿನ ಶಿಫ್ಟ್‌ನ ಜಾಬ್ ಮೇಲೆ ಗೀರು ಬೀಳತ್ತೆ. ಹಾಗಾಗಿ ಅದೇ ಕೆಲಸ ಅಲ್ಲಿ ಸಣ್ಣದು, ಇಲ್ಲಿ ಅಗತ್ಯ. ಇದರಿಂದ ಗೊತ್ತಾಗೋದು ಏನಂದ್ರೆ, ಬೇರೆ ಕಂಪನಿಯ ಜಾಹೀರಾತು ಕಾಪಿ ಹೊಡೆದ್ರೆ ಹುದ್ದೆಯ ಹೆಸರು ಸರಿ ಇರತ್ತೆ, ಕೆಲಸ ತಪ್ಪಿರತ್ತೆ.

ಇದರ ಜೊತೆಗೆ ನಾನೇ ಒಂದು ಪ್ರಶ್ನೆ ಸೇರಿಸಿದೆ, ಆ ಅಣ್ಣನ ಮಾತಿನಿಂದ ಹುಟ್ಟಿದ್ದು: ಇದು ಮೊದಲೇ ಗೊತ್ತಿದ್ರೆ ಯಾರಾದ್ರೂ ಬರೋದು ಬಿಡ್ತಿದ್ರಾ? ಹೌದು ಅಂದ್ರೆ ಅದು ಜಾಹೀರಾತಿನಲ್ಲಿ ಇರಲೇಬೇಕು, ನಮಗೆ ಮುಜುಗರ ಆದ್ರೂ. ಎರಡನೇ ಶಿಫ್ಟ್, ಹನ್ನೆರಡು ಕೆಜಿ ಭಾರ, ಪ್ರೋಗ್ರಾಮಿಂಗ್ ಇಲ್ಲದಿರೋದು ಈ ಮೂರೂ ಹೀಗೇ ಒಳಗೆ ಬಂತು. "ಇಲ್ಲ" ಅನ್ನೋ ಸಾಲು ಜೆಡಿಯಲ್ಲಿ ಇರೋದೇ ಇಲ್ಲ, ಯಾಕಂದ್ರೆ ಜೆಡಿ ಇರೋದನ್ನ ಮಾತ್ರ ಬರೆಯತ್ತೆ. ಜಾಹೀರಾತಿನಲ್ಲಿ ಒಂದು ಹೆಸರು ನೋಡಿ ಜನ ಸಹಜವಾಗಿ ಊಹಿಸೋ ಕೆಲಸ ಅಲ್ಲಿ ಇಲ್ಲದಿದ್ರೆ, ಇಲ್ಲ ಅಂತ ಎರಡು ಪದದಲ್ಲಿ ಹೇಳೋದು ಮರ್ಯಾದೆ. ಇತ್ತ ಬರ್ ತೆಗೆಯೋದು, ಸೆಟ್ಟರ್‌ಗೆ ಕೈ ಜೋಡಿಸೋದು ಎರಡನ್ನೂ ಬಿಟ್ವಿ. ಹಗಲು ಶಿಫ್ಟ್‌ನಲ್ಲಿ ಅವನ್ನ ಮಾಡೋಕೆ ಬೇರೆಯವರಿದ್ದಾರೆ, ಅದಕ್ಕಾಗಿ ಯಾರೂ ಕೆಲಸ ಬೇಡ ಅನ್ನಲ್ಲ.

ಇನ್ನು ಭಾಷೆ. ಜೆಡಿಯಲ್ಲಿ ಒಂದು ಸಾಲು ಹೀಗಿತ್ತು: "ಉತ್ಪನ್ನದ ಗುಣಮಟ್ಟವನ್ನು ನಿಗದಿತ ಮಾನದಂಡಗಳ ಅನುಸಾರ ಕಾಪಾಡುವುದು." ಇದನ್ನ ಓದಿ ಯಾರಿಗೂ ತಮಗೆ ಈ ಕೆಲಸ ಬರತ್ತೋ ಇಲ್ವೋ ಗೊತ್ತಾಗಲ್ಲ. ಮಾಮಾನ್ನ ಕೇಳ್ದೆ, ಇದಕ್ಕೆ ಆಪರೇಟರ್ ಕೈಯಲ್ಲಿ ನಿಜವಾಗಿ ಏನ್ ಮಾಡ್ತಾರೆ? ಅವರು ಮಷಿನ್ ಹತ್ರ ಕರ್ಕೊಂಡು ಹೋಗಿ ತೋರಿಸಿದ್ರು. ಪ್ರತಿ ಹತ್ತನೇ ಪೀಸನ್ನ ಮೈಕ್ರೋಮೀಟರ್‌ನಲ್ಲಿ ಅಳೀತಾರೆ. ಕತ್ತರಿಸ್ತಾ ಕತ್ತರಿಸ್ತಾ ಇನ್ಸರ್ಟ್ ಸವೆಯತ್ತೆ, ಹೊರಗಿನ ವ್ಯಾಸ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಾ ಹೋಗತ್ತೆ. 0.02 ಮಿಮೀ ಜಾಸ್ತಿ ಬಂದಿದ್ರೆ ಕಂಟ್ರೋಲ್‌ನ ವೇರ್ ಆಫ್‌ಸೆಟ್ ಪುಟದಲ್ಲಿ `X`ಗೆ -0.02 ಸೇರಿಸ್ತಾರೆ. ಮುಂದಿನ ಪೀಸ್ ಅಳತೆಗೆ ಬರತ್ತೆ. ಆ ದೊಡ್ಡ ವಾಕ್ಯದ ಒಳಗಿದ್ದ ಕೆಲಸ ಇಷ್ಟು. "ಅಳೆಯುವುದು, ಬರೆಯುವುದು, ಆಫ್‌ಸೆಟ್ ತಿದ್ದುವುದು" ಅಂದ್ರೆ ಐಟಿಐ ಮಾಡಿದವರಿಗೆ ಅರ್ಧ ಸೆಕೆಂಡ್‌ನಲ್ಲಿ ಅರ್ಥ ಆಗತ್ತೆ. ಚಿಕ್ಕದಾಗಿ ಬರೆಯೋ ಗುಟ್ಟು ಇಲ್ಲಿದೆ ಅನ್ಸತ್ತೆ: ಕೈ ಮಾಡೋ ಕ್ರಿಯೆ, ಯಾವ ವಸ್ತು, ಎಷ್ಟು. ಅಂಕಿ ಬಂದ ಕಡೆ ವಿಶೇಷಣ ತಾನಾಗೇ ಬೇಡವಾಗತ್ತೆ. "ಶ್ರಮಜೀವಿ ಬೇಕು" ಅನ್ನೋದು ಹೊಗಳಿಕೆ, "12 ಕೆಜಿ" ಅನ್ನೋದು ಮಾಹಿತಿ.

ಕೊನೆಗೆ ಬಂದದ್ದು ಇದು:

ಸಿಎನ್‌ಸಿ ಟರ್ನಿಂಗ್ ಆಪರೇಟರ್ ಬೇಕಾಗಿದ್ದಾರೆ (1 ಹುದ್ದೆ)
ಸ್ಥಳ: ಗೋಕುಲ ರೋಡ್, ಹುಬ್ಬಳ್ಳಿ
ಕೆಲಸ:
– 2 ಮಷಿನ್ ನಡೆಸುವುದು. 12 ಕೆಜಿವರೆಗಿನ ಜಾಬ್ ಕೈಯಿಂದ ಲೋಡ್, ಅನ್‌ಲೋಡ್
– ಪ್ರತಿ 10ನೇ ಪೀಸ್ ಅಳೆದು ಬರೆಯುವುದು, ಆಫ್‌ಸೆಟ್ ತಿದ್ದುವುದು
– ಸವೆದ ಇನ್ಸರ್ಟ್ ಬದಲಿಸುವುದು
– ಶಿಫ್ಟ್ ಕೊನೆಗೆ ಚಿಪ್ಸ್ ತೆಗೆದು ಮಷಿನ್ ಒರೆಸುವುದು, ಕೂಲಂಟ್ ನೋಡುವುದು (ಹೆಲ್ಪರ್ ಇಲ್ಲ)
ಪ್ರೋಗ್ರಾಮಿಂಗ್, ಸೆಟ್ಟಿಂಗ್ ಈ ಹುದ್ದೆಯಲ್ಲಿ ಇಲ್ಲ.
ಶಿಫ್ಟ್: ಒಂದು ವಾರ ಬೆಳಿಗ್ಗೆ 6ರಿಂದ 2, ಒಂದು ವಾರ ಮಧ್ಯಾಹ್ನ 2ರಿಂದ ರಾತ್ರಿ 10
ಬೇಕಾದ್ದು: ಐಟಿಐ ಟರ್ನರ್ ಅಥವಾ ಮಷಿನಿಸ್ಟ್, 1 ವರ್ಷ ಅನುಭವ, ಮೈಕ್ರೋಮೀಟರ್ ಓದಲು ಬರಬೇಕು
ಸಂಬಳ: 17,000ದಿಂದ 20,000 ರೂ.

ಪದ ಜಾಸ್ತಿ ಆಯ್ತಲ್ಲ ಅಂತ ನೀವು ಕೇಳಬಹುದು. ಹೌದು, ಮೊದಲನೆಯದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಆದ್ರೂ ನಾಲ್ಕು ಪುಟ ಒಂದು ಮೊಬೈಲ್ ಸ್ಕ್ರೀನ್‌ಗೆ ಬಂತು. ಪೇಪರ್‌ನಲ್ಲಿ ಪದಕ್ಕೆ ಇಷ್ಟು ಅಂತ ದುಡ್ಡು ತಗೋತಾರೆ, ಅಲ್ಲಿಗೆ ಇನ್ನೂ ಚಿಕ್ಕದು ಬೇಕಿತ್ತು. ಇದೇ ನಿಯಮದಲ್ಲಿ ಅದೂ ಆಯ್ತು: "ಸಿಎನ್‌ಸಿ ಟರ್ನಿಂಗ್ ಆಪರೇಟರ್ ಬೇಕು. 2 ಮಷಿನ್, 12 ಕೆಜಿ ಜಾಬ್, ಅಳತೆ, ಆಫ್‌ಸೆಟ್, ಇನ್ಸರ್ಟ್, ಮಷಿನ್ ಸ್ವಚ್ಛತೆ. ಪ್ರೋಗ್ರಾಮಿಂಗ್ ಇಲ್ಲ. 2 ಶಿಫ್ಟ್. ಐಟಿಐ, 1 ವರ್ಷ. 17–20 ಸಾವಿರ. ಗೋಕುಲ ರೋಡ್." ನನ್ನ ಹಳೇ ಜಾಹೀರಾತಿಗಿಂತ ಸ್ವಲ್ಪ ಚಿಕ್ಕದೇ. ಆದ್ರೆ ಇದರಲ್ಲಿ ಕೆಲಸ ಇದೆ.

ಹಾಕೋ ಮುಂಚೆ ಒಂದು ಪರೀಕ್ಷೆ ಮಾಡಿದ್ವಿ. ಅದೇ ಮಷಿನ್ ನಡೆಸ್ತಿರೋ ಒಬ್ಬ ಹಿರಿಯ ಆಪರೇಟರ್‌ಗೆ ಕೊಟ್ಟು, "ಕಾಕಾ, ನಿನ್ನೆ ನೀವು ಏನೇನ್ ಮಾಡಿದ್ರಿ, ಅದು ಇದರೊಳಗ ಐತೇನ್ರಿ?" ಅಂತ ಕೇಳ್ದೆ. ಅವರು ಓದಿ, "ಇನ್ಸರ್ಟ್ ಬಿಟ್ಟೀಯಲ್ಲೋ" ಅಂದ್ರು. ನಿಜವಾಗ್ಲೂ ನನ್ನ ಡ್ರಾಫ್ಟ್‌ನಲ್ಲಿ ಅದು ಟೈಪ್ ಮಾಡುವಾಗ ಬಿಟ್ಟುಹೋಗಿತ್ತು. ಕೆಲಸ ಮಾಡೋರು ಓದದೇ ಕೆಲಸದ ಜಾಹೀರಾತು ಹೊರಗೆ ಹೋಗಬಾರದು ಅಂತ ಅವತ್ತು ಅನ್ನಿಸ್ತು.

ಮಾಮಾಗೆ ಒಂದು ಭಯ ಇತ್ತು. "ಇಷ್ಟ್ ಬಿಚ್ಚಿ ಬರದ್ರ ಯಾರ್ ಬರ್ತಾರಪಾ?" ಅಂತ. ಭಯ ಸುಳ್ಳಾಗಲಿಲ್ಲ, ಫೋನ್ ಮೂವತ್ತನಾಲ್ಕರಿಂದ ಒಂಬತ್ತಕ್ಕೆ ಇಳೀತು. ಆದ್ರೆ ಮೊದಲ ಸಲ ಮೂವತ್ತನಾಲ್ಕೂ ಜನ ಕೇಳಿದ್ದು ಒಂದೇ ಪ್ರಶ್ನೆ: "ಸರ, ಕೆಲಸ ಏನ್ರಿ?" ಈ ಸಲ ಕೇಳಿದ್ದು "ಫ್ಯಾನುಕ್ ಕಂಟ್ರೋಲ್ ಏನ್ರಿ?", "ಶಿಫ್ಟ್ ಭತ್ಯೆ ಐತೇನ್ರಿ?" ಥರದ್ದು. ಜಾಹೀರಾತು ತನ್ನ ಕೆಲಸ ಮಾಡಿದ್ಯಾ ಅಂತ ತಿಳಿಯೋಕೆ ಫೋನ್‌ಗಳನ್ನ ಎಣಿಸೋದಕ್ಕಿಂತ ಫೋನ್‌ನಲ್ಲಿ ಏನು ಕೇಳ್ತಾರೆ ಅಂತ ಗಮನಿಸೋದು ಒಳ್ಳೇದು. ನಾಲ್ಕು ಜನ ಬಂದ್ರು, ಒಬ್ಬರನ್ನ ತಗೊಂಡ್ರು. ಅವರಿಗೆ ಸೇರೋ ಮುಂಚೆ ಆ ನಾಲ್ಕು ಪುಟವನ್ನೂ ಓದೋಕೆ ಕೊಟ್ರು. ಇವತ್ತಿಗೂ ಅಲ್ಲೇ ಇದ್ದಾರೆ.

ಒಂದು ಶಾಪ್, ಒಂದು ಹುದ್ದೆ, ಇದರಿಂದ ಸಿದ್ಧಾಂತ ಮಾಡೋಕೆ ಬರಲ್ಲ. ಸಂಬಳವೇ ಕಡಿಮೆ ಇದ್ರೆ, ಕೆಲಸವೇ ಕೆಟ್ಟದಾಗಿದ್ರೆ ಎಷ್ಟು ಚೆನ್ನಾಗಿ ಬರೆದ್ರೂ ಜನ ನಿಲ್ಲಲ್ಲ. ಹಾಗೇ ಅಗತ್ಯ ಕೆಲಸ ಅಂತ ಏನೇನೋ ತುರುಕಿದ್ರೂ ಮೋಸವೇ. ಎಂದೋ ಒಮ್ಮೆ ಬರೋ ಭಾರದ ಜಾಬ್‌ಗೆ "40 ಕೆಜಿ ಎತ್ತಬೇಕು" ಅಂತ ಹಾಕಿದ್ರೆ, ಕೆಲಸ ಚೆನ್ನಾಗಿ ಮಾಡಬಲ್ಲ ಎಷ್ಟೋ ಜನ ಸುಮ್ಮನೆ ಹೊರಗೆ ಉಳೀತಾರೆ. ಅಂಥ ಜಾಬ್‌ಗೆ ಶಾಪ್‌ನಲ್ಲಿ ಹಾಯ್ಸ್ಟ್ ಇದೆ.

ಕ್ಯಾಂಪಸ್‌ಗೆ ವಾಪಸ್ ಬಂದ ಮೇಲೆ ನಮ್ಮ ನೋಟಿಸ್ ಬೋರ್ಡ್ ನೋಡಿದೆ. ಫೆಸ್ಟ್‌ಗೆ "ಉತ್ಸಾಹಿ ವಾಲಂಟಿಯರ್ಸ್ ಬೇಕು, ಅದ್ಭುತ ಅನುಭವ" ಅಂತ ಇತ್ತು. ಕಳೆದ ವರ್ಷ ನಾನೂ ಅದೇ ನಂಬಿ ಸೇರಿ, ಎರಡು ರಾತ್ರಿ ಕುರ್ಚಿ ಹೊತ್ತಿದ್ದೆ. ಕುರ್ಚಿ ಹೊರೋದಕ್ಕೆ ನನಗೇನೂ ಬೇಜಾರಿಲ್ಲ. "400 ಕುರ್ಚಿ, ರಾತ್ರಿ 9ರಿಂದ 1" ಅಂತ ಬರೆದಿದ್ರೂ ಸೇರ್ತಿದ್ದೆ, ಮರುದಿನ ಬೆಳಿಗ್ಗೆ ಇಂಟರ್ನಲ್ಸ್ ಇರೋ ಗೆಳೆಯನನ್ನ ಮಾತ್ರ ಎಳ್ಕೊಂಡು ಹೋಗ್ತಿರಲಿಲ್ಲ.

ಈ ಸಲ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಪೋಸ್ಟರ್ ಬರೆಯೋ ಸರದಿ ನಂದು. ಕುರ್ಚಿಗಳನ್ನ ಎಣಿಸಿ ಆಮೇಲೆ ಬರೀತೀನಿ.